ಗೇಟಿನ ಬಳಿ ಕಾಯುವ ನಾಯಿಗೊಂದು ಪದ್ಯ

ಸಂಜೆ ಯಜಮಾನ ಕೆಲಸದಿಂದ ಬರುವುದನ್ನು ಗೇಟಿನ ಬಳಿ ಕಾಯುವ ನಾಯಿಯ ಮೇಲೆ ಪದ್ಯ ಬರೆಯಲು ಕೂತವರಿಗೆ ಮೊದಲು ಹೊಳೆಯುವುದು ‘ನಿಯತ್ತು’, ‘ಮೂಕ ಪ್ರೀತಿ’ ಎಂಬ ಮಾತುಗಳು. ಅವುಗಳ ಹಂಗಿಲ್ಲದೆ ಬರೆಯುವುದು ಹೇಗೆಂದು ತಿಳಿಯಲು ಹೋಮರನ ‘ಒಡಿಸ್ಸಿ’ಯ 17ನೇ ಸರ್ಗ ನೋಡಬೇಕು.

ಟ್ರಾಯ್ ಯುದ್ಧಕ್ಕೆ ಹೋದ ಒಡಿಸ್ಯೂಸ್ 20 ವರ್ಷಗಳ ಮೇಲೆ ಭಿಕ್ಷುಕನ ವೇಷದಲ್ಲಿ ಊರಿಗೆ ಮರಳುತ್ತಾನೆ. ಅವನೇ ಮರಿಯಿಂದ ಸಾಕಿದ್ದ ಆರ್ಗೋಸ್ ಬಾಗಿಲ ಮುಂದಿನ ಗೊಬ್ಬರದ ಗುಡ್ಡೆಯ ಮೇಲೆ, ಮೈತುಂಬ ಉಣ್ಣೆ ಹತ್ತಿಸಿಕೊಂಡು ಬಿದ್ದಿದೆ. ಒಡೆಯ ಸಮೀಪಿಸಿದ್ದು ತಿಳಿದು ಬಾಲ ಅಲ್ಲಾಡಿಸುತ್ತದೆ, ಎರಡೂ ಕಿವಿ ಇಳಿಬಿಡುತ್ತದೆ. ಎದ್ದು ಬರುವಷ್ಟು ತ್ರಾಣವಿಲ್ಲ. ಒಡಿಸ್ಯೂಸನೂ ಹತ್ತಿರ ಹೋಗುವಂತಿಲ್ಲ, ಹೋದರೆ ಗುಟ್ಟು ಬಯಲಾಗುತ್ತದೆ. ಪಕ್ಕದಲ್ಲಿದ್ದ ಹಂದಿ ಕಾಯುವ ಯೂಮೇಯಸನಿಗೆ ಕಾಣದಂತೆ ಕಣ್ಣೊರೆಸಿಕೊಂಡು, ಈ ನಾಯಿ ಓಟದಲ್ಲಿ ಚುರುಕಾಗಿತ್ತೋ, ಬರೀ ಅಂದಕ್ಕೆ ಸಾಕಿದ್ದೋ ಎಂದು ಯಾರದೋ ನಾಯಿಯೆಂಬಂತೆ ವಿಚಾರಿಸುತ್ತಾನೆ. ಅವರು ಒಳಗೆ ಹೋಗುತ್ತಾರೆ, ನಾಯಿ ಸಾಯುತ್ತದೆ.

ಇಲ್ಲಿ ನಾಯಿಯ ಮನಸ್ಸಿನ ಮಾತು ಒಂದೂ ಇಲ್ಲ. ಇರುವುದು ಬಾಲ, ಕಿವಿ, ಉಣ್ಣೆ. ನಾಯಿಯ ಬಾಯಲ್ಲಿ ‘ಎಂದು ಬರುವೆ ಒಡೆಯಾ’ ಎಂದು ಹಾಡಿಸಿದ್ದರೆ ಅದು ನಾಟಕದ ಪಾತ್ರವಾಗುತ್ತಿತ್ತು, ನಾಯಿಯಾಗಿ ಉಳಿಯುತ್ತಿರಲಿಲ್ಲ.

ಕನ್ನಡದಲ್ಲಿ ಈ ವಸ್ತುವಿಗೆ ನಾಲ್ಕು ಮಾತ್ರೆಯ ಗಣಗಳ ರಗಳೆ ಚೆನ್ನಾಗಿ ಒಪ್ಪುತ್ತದೆ. ಹೀಗೊಂದು ಜೋಡಿ ಸಾಲು ಕಟ್ಟಬಹುದು:

ಗೇಟಿನ ಕೆಳಗಡೆ ಮೂತಿಯನಿಟ್ಟು
ದಾಟುವ ಗಾಡಿಗೆ ಕಿವಿಯನು ಕೊಟ್ಟು

ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ಗೇಟಿನ’ ನಾಲ್ಕು, ‘ಕೆಳಗಡೆ’ ನಾಲ್ಕು, ‘ಮೂತಿಯ’ ನಾಲ್ಕು. ಸಾಲಿನ ಕೊನೆಯ ಅಕ್ಷರವನ್ನು ಎಳೆದು ಎರಡೆಂದು ಹಿಡಿದರೆ ‘ನಿಟ್ಟು’ ಕೂಡ ನಾಲ್ಕೇ. ‘ಗೇಟಿ’, ‘ದಾಟು’ ಎರಡರಲ್ಲೂ ಎರಡನೆಯ ಅಕ್ಷರ ಟಕಾರ, ಇದು ಆದಿಪ್ರಾಸ. ‘ಗಾಡಿಗೆ’ ಬದಲು ‘ಸ್ಕೂಟರಿಗೆ’ ಎಂದಿಟ್ಟು ಜೋರಾಗಿ ಓದಿ, ನಾಲಿಗೆ ಎಡವುತ್ತದೆ. ಆ ಪದಕ್ಕೇ ಐದು ಮಾತ್ರೆ. ನಮ್ಮ ಬೀದಿಗಳಲ್ಲಿ ಸ್ಕೂಟರನ್ನೂ ಗಾಡಿ ಎಂದೇ ಕರೆಯುವುದರಿಂದ ಛಂದಸ್ಸಿಗಾಗಿ ಮಾತನ್ನು ತಿರುಚಿದಂತೆಯೂ ಆಗಲಿಲ್ಲ.

ಕಷ್ಟ ಶುರುವಾಗುವುದು ಇದರ ಮುಂದೆ. ಆರ್ಗೋಸನದು ಒಂದೇ ಒಂದು ಭೇಟಿ, ಅಲ್ಲಿಗೆ ಕಥೆ ತಾನಾಗಿಯೇ ಮುಗಿಯುತ್ತದೆ. ನಮ್ಮ ಗೇಟಿನ ನಾಯಿಗೆ ನಿನ್ನೆಯೂ ಇದೇ, ನಾಳೆಯೂ ಇದೇ. ಹಾಗಾಗಿ ‘ದಿನಾ ಕಾಯುತ್ತದೆ’ ಎಂದು ಬರೆಯುವುದಕ್ಕಿಂತ ಒಂದು ಸಂಜೆಯನ್ನು ಮಾತ್ರ ಆರಿಸಿಕೊಳ್ಳುವುದು ಮೇಲು. ಗಾಡಿ ಕೆಟ್ಟು ಯಜಮಾನ ಬಸ್ಸಿನಲ್ಲಿ ಬಂದ ಸಂಜೆ ಎಂದುಕೊಳ್ಳಿ. ಕಿವಿ ಕಾದ ಸದ್ದು ಬರಲೇ ಇಲ್ಲ, ಆದರೆ ಆಸಾಮಿ ಚಪ್ಪಲಿ ಎಳೆಯುತ್ತ ಗೇಟಿನ ಮುಂದೆ ಬಂದು ನಿಂತಿದ್ದಾನೆ. ನಾಯಿ ಮೊದಲು ಬೊಗಳಿ ಆಮೇಲೆ ಬಾಲ ಅಲ್ಲಾಡಿಸಿದರೆ, ಮುಂದಿನ ನಾಲ್ಕು ಸಾಲಿಗೆ ಬೇಕಾದ್ದೆಲ್ಲ ಆ ಬೊಗಳಿನಲ್ಲೇ ಇದೆ.