ಹೂಜಿಯಲ್ಲಿ ಎಷ್ಟು ನೀರಿತ್ತು?

ಮಲಗುವ ಹೊತ್ತಿಗೆ ಮಗಳಿಗೆ ಜಾಣ ಕಾಗೆಯ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದನ್ನೇ ಒಂದೂವರೆ ನಿಮಿಷದ ಅನಿಮೇಷನ್ ಚಿತ್ರ ಮಾಡೋಣವೆಂದು ಕೂತಾಗ ಪೆನ್ಸಿಲ್ ಮೊದಲ ದೃಶ್ಯದಲ್ಲೇ ನಿಂತಿತು. ಬಾಯಲ್ಲಿ ಹೇಳುವಾಗ ‘ಹೂಜಿಯ ತಳದಲ್ಲಿ ಸ್ವಲ್ಪ ನೀರಿತ್ತು’ ಎಂದರೆ ಸಾಕು. ಚಿತ್ರದಲ್ಲಿ ಆ ‘ಸ್ವಲ್ಪ’ ಎಲ್ಲಿಯವರೆಗೆ ಎಂದು ಗೆರೆ ಎಳೆಯಲೇಬೇಕು.

ನಾನು ಕಾಲು ಭಾಗಕ್ಕೆ ಎಳೆದೆ. ಸರಿಯಾದೀತೇ ಎಂದು ನೋಡಲು ನೆಟ್ಟಗಿರುವ ಗಾಜಿನ ಲೋಟದಲ್ಲಿ ಕಾಲು ಭಾಗ ನೀರು ತುಂಬಿ, ಅಂಗಳದ ಹರಳುಕಲ್ಲುಗಳನ್ನು ಮಗಳ ಕೈಯಿಂದ ಒಂದೊಂದಾಗಿ ಹಾಕಿಸಿದೆ. ನೀರು ಏರಿತು. ಅರ್ಧ ದಾಟಿ ಇನ್ನಷ್ಟು ಮೇಲೆ ಬಂದು ಅಲ್ಲೇ ನಿಂತುಬಿಟ್ಟಿತು. ಆಮೇಲೆ ಹಾಕಿದ ಕಲ್ಲುಗಳು ಒದ್ದೆಯೇ ಆಗಲಿಲ್ಲ. ಲೋಟದ ಅಂಚಿನವರೆಗೂ ಕಲ್ಲು, ನೀರು ಕೆಳಗೆ ಸಂದಿಗಳಲ್ಲಿ. ‘ಅಮ್ಮಾ, ಕಾಗೆಗೆ ಸಿಗಲ್ಲ’ ಎಂದಳು.

ಸಿಗುವುದಿಲ್ಲ, ನಿಜ. ಸುಮ್ಮನೆ ಹಾಕಿದ ಕಲ್ಲುಗಳ ರಾಶಿಯಲ್ಲಿ ಸುಮಾರು ನೂರಕ್ಕೆ 60 ಪಾಲು ಕಲ್ಲು, ಉಳಿದ 40 ಪಾಲು ಸಂದಿ. ರಾಶಿಯು ನೀರಿನ ಮಟ್ಟಕ್ಕಿಂತ ಕೆಳಗಿರುವವರೆಗೆ ಪ್ರತಿ ಕಲ್ಲೂ ತನ್ನ ಗಾತ್ರದಷ್ಟು ನೀರನ್ನು ಮೇಲಕ್ಕೆ ತಳ್ಳುತ್ತದೆ. ರಾಶಿ ನೀರಿನ ಮಟ್ಟವನ್ನು ಹಿಡಿದ ಮೇಲೆ ಹೊಸ ಕಲ್ಲು ಒಣಗಿದ ಕಲ್ಲಿನ ಮೇಲೆ ಕೂರುತ್ತದೆ, ಏನನ್ನೂ ತಳ್ಳುವುದಿಲ್ಲ. ಹಾಗಾಗಿ ನೀರು ಎಷ್ಟು ಎತ್ತರಕ್ಕೆ ಬರಬೇಕೋ ಅದರ ನೂರಕ್ಕೆ 40ರಷ್ಟು ಮೊದಲೇ ಇರಬೇಕು.

ಲೆಕ್ಕ ಸುಲಭವಾಗಲೆಂದು ಚಿತ್ರದ ಹೂಜಿಯನ್ನು ಕಂಬದಂತೆ ನೇರವಾಗಿ ಬರೆದೆ: ಎತ್ತರ 20 ಸೆಂ.ಮೀ., ಒಳಗಿನ ತಳದ ವಿಸ್ತೀರ್ಣ 50 ಚದರ ಸೆಂ.ಮೀ. ಕಾಗೆಯ ಕೊಕ್ಕು ಬಾಯಿಂದ 4 ಸೆಂ.ಮೀ. ಕೆಳಗೆ ಮುಟ್ಟುತ್ತದೆ ಎಂದುಕೊಂಡೆ. ಅಂದರೆ ನೀರು 16 ಸೆಂ.ಮೀ.ಗೆ ಬರಬೇಕು, ಅದಕ್ಕೆ ಕನಿಷ್ಠ 6.4 ಸೆಂ.ಮೀ. ನೀರು ಬೇಕು. ನನ್ನ ಮೊದಲ ಗೆರೆ 5 ಸೆಂ.ಮೀ.ಗಿತ್ತು, ಕಾಗೆ ಎಷ್ಟೇ ದುಡಿದರೂ ಅದು 12.5ಕ್ಕೆ ನಿಲ್ಲುತ್ತಿತ್ತು. ಗೆರೆಯನ್ನು 8ಕ್ಕೆ ಏರಿಸಿದೆ. ನೆಲ್ಲಿಕಾಯಿ ಗಾತ್ರದ ಕಲ್ಲು ಸುಮಾರು 10 ಮಿ.ಲೀ. ಜಾಗ ಹಿಡಿಯುತ್ತದೆ, ನೀರನ್ನು 2 ಮಿ.ಮೀ. ಏರಿಸುತ್ತದೆ. 8 ಸೆಂ.ಮೀ. ಏರಲು 40 ಕಲ್ಲು. ಆಗ ರಾಶಿಯ ಎತ್ತರ ಸುಮಾರು 13 ಸೆಂ.ಮೀ., ನೀರಿನ ಕೆಳಗೇ ಇದೆ. ಕಾಗೆ ಕುಡಿಯಬಹುದು.

ನಲವತ್ತು ಕಲ್ಲನ್ನೂ ತೋರಿಸಲಾಗದು. ಸೆಕೆಂಡಿಗೆ 12 ಚಿತ್ರ ಬರೆದರೆ, ಒಂದು ಕಲ್ಲು ತರುವ ನಾಲ್ಕು ಸೆಕೆಂಡಿಗೇ 48 ಚಿತ್ರ ಬೇಕು. ಹಾಗೆಂದು ಒಂದು ಕಲ್ಲಿಗೆ ಒಂದು ಬೆರಳಿನಷ್ಟು ನೀರು ಏರಿಸಲು ಮನಸ್ಸು ಒಪ್ಪಲಿಲ್ಲ. ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ. ಕೊನೆಗೆ ದೃಶ್ಯಗಳು ಹೀಗಾದವು:

ದೃಶ್ಯ 1: ಬಿಸಿಲು, ಒಣಗಿದ ಅಂಗಳ. ಕಾಗೆ ಕೊಕ್ಕು ತೆರೆದುಕೊಂಡು ಬಂದು ಹೂಜಿಯ ಅಂಚಿನಲ್ಲಿ ಕೂರುತ್ತದೆ.

ದೃಶ್ಯ 2: ಹೂಜಿಯನ್ನು ಉದ್ದಕ್ಕೆ ಸೀಳಿದಂತೆ ಒಳನೋಟ. ನೀರು ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಅದರ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ಹಳೆಯ ನೀರಿನ ಕಲೆಯ ಗೆರೆ. ಕೊಕ್ಕು ನಿಲುಕದು.

ದೃಶ್ಯ 3: ಒಂದು ಕಲ್ಲು. ‘ಬುಳುಕ್’. ಹತ್ತಿರದಿಂದ ನೋಡಿದರೆ ನೀರು ಕಲೆಯ ಗೆರೆಯನ್ನು ಮುಚ್ಚಿದೆ. ಕಾಗೆ ತಲೆ ವಾಲಿಸಿ ಒಳಗೆ ಇಣುಕುತ್ತದೆ. ಹೀಗೆ ಮೂರು ಸಲ, ಆತುರವಿಲ್ಲದೆ.

ದೃಶ್ಯ 4: ಅಂಗಳದ ಕಲ್ಲುಗಳು ಕಡಿಮೆಯಾಗುತ್ತವೆ, ಹೂಜಿಯ ನೆರಳು ಉದ್ದವಾಗುತ್ತದೆ, ನೀರು ಏರುತ್ತದೆ.

ದೃಶ್ಯ 5: ಕಾಗೆ ಕುಡಿಯುತ್ತದೆ.

ಮೂರನೆಯ ದೃಶ್ಯಕ್ಕೆ ಮೊದಲು ಕಾಗೆಯ ಮನಸ್ಸಿನ ಮಾತೊಂದನ್ನು ಬರೆದಿದ್ದೆ: ‘ಕಲ್ಲು ಹಾಕಿದರೆ ನೀರು ಮೇಲೆ ಬರುತ್ತದೆ!’ ಅದನ್ನು ಹೊಡೆದುಹಾಕಿದೆ. 2009ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಬರ್ಡ್ ಮತ್ತು ನೇಥನ್ ಎಮರಿ, ಕಾಗೆಯ ಬಳಗದ ನಾಲ್ಕು ರೂಕ್ ಹಕ್ಕಿಗಳ ಮುಂದೆ ನೀರಿನ ಕೊಳವೆ ಇಟ್ಟು ಹುಳುವೊಂದನ್ನು ತೇಲಿಬಿಟ್ಟರು. ಹಕ್ಕಿಗಳು ಕಲ್ಲು ಹಾಕಿ ಹುಳುವನ್ನು ಮೇಲೆ ತಂದವು. ಚಿಕ್ಕ ಕಲ್ಲಿಗಿಂತ ದೊಡ್ಡದು ವಾಸಿ ಎಂಬುದನ್ನೂ ಕಲಿತವು. 2014ರಲ್ಲಿ ಸಾರಾ ಜೆಲ್ಬರ್ಟ್ ಮತ್ತು ಸಂಗಡಿಗರು ನ್ಯೂ ಕ್ಯಾಲೆಡೋನಿಯಾದ ಕಾಗೆಗಳನ್ನು ಪರೀಕ್ಷಿಸಿದರು. ಅವು ತೇಲುವ ವಸ್ತು ಬಿಟ್ಟು ಮುಳುಗುವುದನ್ನು ಆರಿಸಿದವು, ನೀರು ಹೆಚ್ಚಿದ್ದ ಕೊಳವೆಯನ್ನೇ ಆರಿಸಿದವು. ಆದರೆ ಅಗಲ ಕೊಳವೆಗಿಂತ ಕಿರಿದಾದುದರಲ್ಲಿ ನೀರು ಬೇಗ ಏರುತ್ತದೆ ಎಂಬುದು ಅವಕ್ಕೆ ಹೊಳೆಯಲಿಲ್ಲ. ನೀರು ಏಕೆ ಏರುತ್ತದೆ ಎಂದು ಕಾಗೆಗೆ ಗೊತ್ತಿದೆ ಎನ್ನುವುದಕ್ಕೆ ಇಷ್ಟು ಸಾಲದು. ಹಾಕಿದ ಕಲ್ಲಿನಿಂದ ಆದದ್ದನ್ನು ಗಮನಿಸಿ ಮುಂದಿನ ಕಲ್ಲು ಹಾಕುತ್ತದೆ ಎನ್ನಲು ಸಾಕು.

ಅದಕ್ಕೇ ಆ ಇಣುಕುನೋಟವನ್ನು ಉಳಿಸಿಕೊಂಡೆ, ಪ್ರತಿ ಸಲಕ್ಕೂ ಪೂರಾ ಒಂದು ಸೆಕೆಂಡು. ಚಿತ್ರ ನೋಡುವಾಗ ಮಗಳೂ ಅಲ್ಲೇ ಕತ್ತು ವಾಲಿಸುತ್ತಾಳೆ.