ಬಿಲ್ ಫೋಟೋ ಹೇಳಿದ ಟೋಟಲ್ ಯಾಕೆ ತಿದ್ದಬೇಕಾಯ್ತು: ಕ್ಲೈಂಟ್‌ಗೆ ಬರೆದ ಒಂದು ಪತ್ರ

ಮಾಧಾಪುರದಲ್ಲಿ ಪುಟ್ಟ ಸಾಫ್ಟ್‌ವೇರ್ ಆಫೀಸ್ ಇಟ್ಟಿರೋ ನಮ್ಮ ಕಡೆಯವರೊಬ್ಬರ ಲೆಕ್ಕ ನಾನೇ ಬರೆಯೋದು. ಅವರಿಗೆ ಕಳಿಸಿದ ಪತ್ರವನ್ನ ಅವರ ಒಪ್ಪಿಗೆ ಪಡೆದು ಇಲ್ಲಿ ಓದ್ತಿದೀನಿ.

ಸರ್, ನೀವು ಕಳಿಸಿದ ನಾಲ್ಕು ಫೋಟೋಗಳಿಂದ ಆ್ಯಪ್ ತೆಗೆದ ಖರ್ಚು 1,28,860 ರೂಪಾಯಿ. ನಾನು ಪುಸ್ತಕಕ್ಕೆ ಹಾಕಿದ್ದು 5,430. ಇಷ್ಟು ವ್ಯತ್ಯಾಸ ಯಾಕೆ ಅಂತ ನೀವು ಕೇಳಿದ್ದು ಸರಿಯಾಗೇ ಇದೆ.

ದೊಡ್ಡ ಪಾಲು ಕೇಬಲ್ ಬಿಲ್ಲಿನದು. ಥರ್ಮಲ್ ಕಾಗದ ಮಾಸಿ, 1180.00ರ ಚುಕ್ಕಿ ಅಳಿಸಿಹೋಗಿದೆ. ಆ್ಯಪ್ ಅದನ್ನ 1,18,000 ಅಂತ ಓದಿಕೊಂಡಿದೆ. ಹಿಡಿಯೋದು ಕಷ್ಟವಲ್ಲ: ಅದೇ ಬಿಲ್ಲಿನಲ್ಲಿ ತೆರಿಗೆಗೆ ಮುಂಚಿನ ಬೆಲೆ 1,000, ಸಿಜಿಎಸ್‌ಟಿ 90, ಎಸ್‌ಜಿಎಸ್‌ಟಿ 90. ಕೂಡಿದರೆ 1,180. ಕೂಡಿದ್ದು ಟೋಟಲ್‌ಗೆ ತಾಳೆಯಾಗದಿದ್ರೆ ನಾನು ಮೂಲ ಬಿಲ್ ಕೇಳ್ತೀನಿ. ಐವತ್ತು ಪೈಸೆಯೊಳಗಿನ ವ್ಯತ್ಯಾಸ ಮಾತ್ರ ರೌಂಡ್ ಆಫ್, ಅದನ್ನ ಬೇರೆ ಖಾತೆಗೆ ಹಾಕ್ತೀನಿ.

ಟೋನರ್ ಬಿಲ್ ಸ್ವಲ್ಪ ತಂಟೆಯದು, ಯಾಕಂದ್ರೆ ಅಲ್ಲಿ ಆ್ಯಪ್ ಒಂದು ಅಂಕಿಯನ್ನೂ ತಪ್ಪು ಓದಿಲ್ಲ. ಬಿಲ್ 2,360. ಅದರ ಕೆಳಗೆ ಅಂಗಡಿಯವರು ತೆಲುಗಿನಲ್ಲಿ ‘ಪಾತ ಬಾಕಿ’ ಅಂತ ಕೈಯಲ್ಲಿ ಬರೆದು (ನಮ್ಮ ಹಳೇ ಬಾಕಿನೇ) 4,720 ಸೇರಿಸಿದಾರೆ. ಕೊನೆಯಲ್ಲಿರೋ 7,080 ನೀವು ಕೊಡಬೇಕಾದ ದುಡ್ಡು, ಈ ತಿಂಗಳ ಖರ್ಚಲ್ಲ. ಆ 4,720ರ ಬಿಲ್ಲನ್ನ ಹೋದ ತಿಂಗಳೇ ಖರ್ಚಿಗೆ ಬರೆದಾಗಿದೆ. ಈಗ ಕೊಟ್ಟಿದ್ದು ಅಂಗಡಿಯ ಸಾಲ ತೀರಿಸಿದ ಹಾಗೆ. ಮತ್ತೆ ಖರ್ಚು ಅಂದ್ರೆ ಎರಡು ಸಲ ಬರೆದಂತೆ. ಜಿಎಸ್‌ಟಿಆರ್-2ಬಿ ತೆಗೆದು ನೋಡಿದೆ. ಅಲ್ಲಿ ಅಂಗಡಿಯವರು ಈ ಬಿಲ್ಲಿಗೆ ತೋರಿಸಿರೋದು 2,000 ಮತ್ತು ತೆರಿಗೆ 360, ಅಷ್ಟೇ. 7,080ರಲ್ಲಿ ಹದಿನೆಂಟು ಪರ್ಸೆಂಟ್ ತೆರಿಗೆ ಸೇರಿದೆ ಅಂತ ಲೆಕ್ಕ ಹಾಕಿ 1,080 ಕ್ರೆಡಿಟ್ ತಗೊಂಡಿದ್ರೆ ನೋಟಿಸ್‌ಗೆ ಉತ್ತರ ಕೊಡೋ ಕೆಲಸ ನಮಗೇ ಬರ್ತಿತ್ತು.

ಉಳಿದ ಎರಡು ಫೋಟೋ ಒಂದೇ ಊಟದವು: ಹೋಟೆಲ್ ಬಿಲ್ 1,890, ಅದಕ್ಕೇ ಕಾರ್ಡ್ ಉಜ್ಜಿದ ಚೀಟಿ 1,890. ತಾರೀಖು, ಮೊತ್ತ ಎರಡೂ ಒಂದೇ ಇತ್ತು. ಬಿಲ್ ಇಟ್ಟುಕೊಂಡು ಚೀಟಿ ಬಿಟ್ಟೆ. ಊಟದ ಮೇಲಿನ 90 ರೂಪಾಯಿ ಜಿಎಸ್‌ಟಿಗೆ ಕ್ರೆಡಿಟ್ ಸಿಗಲ್ಲ, ಹಾಗಾಗಿ ಪೂರ್ತಿ 1,890 ಖರ್ಚಿಗೇ ಹೋಗಿದೆ.

ಒಂದು ಮಾತು ಗಮನಿಸಿ, ಕೂಡಿ ನೋಡೋ ಈ ಉಪಾಯ ಪೆಟ್ರೋಲ್ ಬಿಲ್ಲಿಗೆ ನಡೆಯಲ್ಲ, ಅದರಲ್ಲಿ ಜಿಎಸ್‌ಟಿನೇ ಇಲ್ಲ. ಅಲ್ಲಿ ಲೀಟರನ್ನ ದರಕ್ಕೆ ಗುಣಿಸಿ ನೋಡ್ತೀನಿ. ಲೀಟರ್ ಸಾಲು ಮಾಸಿದ್ರೆ ಬ್ಯಾಂಕ್ ಸ್ಟೇಟ್‌ಮೆಂಟೇ ಗತಿ.

ಮುಂದಿನ ಸಲ ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆಯಿರಿ, ಕೆಳಗಿನ ಅಂಚು ಕತ್ತರಿಸಬೇಡಿ. ಕೇಬಲ್ ಬಿಲ್ಲಿನ ಮೂಲ ಪ್ರತಿಯನ್ನ ಶನಿವಾರದೊಳಗೆ ಕಳಿಸಿಕೊಡಿ, ಫೈಲಿಗೆ ಬೇಕು.