ಸಂದರ್ಶನದ ಮರುದಿನ ಕಳುಹಿಸುವ ಲೇಖನ: ನಂಬಿಕೆ ಮತ್ತು ವಸ್ತುಸ್ಥಿತಿ

ಸಂದರ್ಶನ ಮುಗಿಸಿ ಮನೆಗೆ ಮರಳಿದ ಅಭ್ಯರ್ಥಿಯು, ಆ ಉದ್ಯೋಗಕ್ಕೆ ಸಂಬಂಧಿಸಿದ ಲೇಖನವೊಂದರ ಲಿಂಕನ್ನು ತನ್ನನ್ನು ಪ್ರಶ್ನಿಸಿದ ಮ್ಯಾನೇಜರರಿಗೆ ಕಳುಹಿಸಿಬಿಟ್ಟರೆ, ಅವನ ಆಸಕ್ತಿಯೂ ವ್ಯಾಸಂಗವೂ ಪ್ರಕಟವಾಗಿ, ಇನ್ನೂ ತೂಗುತ್ತಿರುವ ನಿರ್ಣಯವು ಅವನ ಕಡೆಗೇ ವಾಲುವುದೆಂಬ ನಂಬಿಕೆಯು ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಅರಸುವ ತರುಣರ ನಡುವೆ ವೇದವಾಕ್ಯದಂತೆ ಸಂಚರಿಸುತ್ತಿದೆ. ಸಂದರ್ಶಕರ ಸಾಲಿನಲ್ಲಿ ಕುಳಿತು ಇಂತಹ ಪತ್ರಗಳನ್ನು ಸ್ವೀಕರಿಸಿದ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಸಹನೆ ತಪ್ಪುತ್ತದೆ.

ವಸ್ತುಸ್ಥಿತಿ ಹೀಗಿದೆ. ಸುವ್ಯವಸ್ಥಿತವಾದ ಕಂಪನಿಗಳಲ್ಲಿ ಪ್ರತಿಯೊಬ್ಬ ಸಂದರ್ಶಕನೂ ತಾನು ಕೇಳಿದ ಪ್ರಶ್ನೆಗಳಿಗೆ ದೊರೆತ ಉತ್ತರಗಳ ಕುರಿತು, ಇತರರ ಅಭಿಪ್ರಾಯವನ್ನು ನೋಡುವ ಮೊದಲೇ, ಸಾಮಾನ್ಯವಾಗಿ ಆ ದಿನವೋ ಮರುದಿನವೋ, ತನ್ನ ಅಂಕಗಳನ್ನೂ ಟಿಪ್ಪಣಿಯನ್ನೂ ದಾಖಲಿಸುತ್ತಾನೆ. ಬಳಿಕ ಎಲ್ಲರೂ ಕೂಡಿ ಆ ದಾಖಲೆಯನ್ನು ಮುಂದಿಟ್ಟುಕೊಂಡು ಚರ್ಚಿಸುತ್ತಾರೆ. ಅನ್ಯರು ಬರೆದ ಲೇಖನವು ಆ ಟಿಪ್ಪಣಿಯ ಯಾವ ಪ್ರಶ್ನೆಗೂ ಉತ್ತರವಾಗದು. ಅದನ್ನು ಬರೆದವನ ಪಾಂಡಿತ್ಯವು ಕಳುಹಿಸಿದವನಿಗೆ ವರ್ಗವಾಗುವುದೂ ಇಲ್ಲ.

ಹಾಗಾದರೆ ಏನನ್ನು ಕಳುಹಿಸಿದರೂ ವ್ಯರ್ಥವೇ? ಅಲ್ಲ. ಸರಕು ಸಾಗಣೆಯ ಸಂಸ್ಥೆಯೊಂದರಲ್ಲಿ ದತ್ತಾಂಶ ವಿಶ್ಲೇಷಕನ ಹುದ್ದೆಗೆ ಸಂದರ್ಶನ ನಡೆಯಿತೆಂದು ಭಾವಿಸೋಣ. ಡೆಲಿವರಿಯ ಸರಾಸರಿ ಅವಧಿ ಕಡಮೆಯಾದರೂ ಗ್ರಾಹಕರ ದೂರುಗಳು ಹೆಚ್ಚಿದುದೇಕೆ ಎಂಬ ಪ್ರಶ್ನೆಗೆ ಇಬ್ಬರು ಅಭ್ಯರ್ಥಿಗಳೂ ತಡವರಿಸಿದರು. ಮೊದಲನೆಯವನು ಆ ಸಂಜೆ ಗೋದಾಮುಗಳ ಭವಿಷ್ಯವನ್ನು ಕುರಿತ ವಿದೇಶೀ ಪತ್ರಿಕೆಯ ಲೇಖನವೊಂದನ್ನು ಕಳುಹಿಸಿದನು. ಎರಡನೆಯವಳು ಅರ್ಧ ಪುಟದ ಲೆಕ್ಕವೊಂದನ್ನು ಕಳುಹಿಸಿದಳು: ಮೊದಲು 100 ಪಾರ್ಸೆಲ್‌ಗಳೂ ಮೂರೂವರೆ ದಿನಗಳಲ್ಲಿ ತಲುಪುತ್ತಿದ್ದವು, ಈಗ 90 ಎರಡೇ ದಿನಗಳಲ್ಲಿ ತಲುಪುತ್ತವೆ, ಉಳಿದ 10 ಹನ್ನೆರಡು ದಿನ ಹಿಡಿಯುತ್ತವೆ, ಸರಾಸರಿಯು 3.5ರಿಂದ 3 ದಿನಕ್ಕಿಳಿಯಿತು, ಆದರೆ ಹನ್ನೆರಡು ದಿನ ಕಾದ ಆ ಹತ್ತು ಮಂದಿಯೇ ದೂರು ಬರೆಯುವವರು. ಆದಕಾರಣ ಸರಾಸರಿಯೊಂದನ್ನೇ ನಂಬದೆ ಅತಿ ವಿಳಂಬವಾದವುಗಳನ್ನು ಬೇರೆಯಾಗಿ ಎಣಿಸಬೇಕು. ಪತ್ರದ ಮೊದಲ ಸಾಲಿನಲ್ಲಿಯೇ, ತಾನು ಅಪೂರ್ಣವಾಗಿ ಉತ್ತರಿಸಿದ ಪ್ರಶ್ನೆ ಯಾವುದೆಂಬುದನ್ನು ಆಕೆ ಹೆಸರಿಸಿದ್ದಳು. ಸಂದರ್ಶಕನ ಟಿಪ್ಪಣಿಯಲ್ಲಿ ಆ ಪ್ರಶ್ನೆಯ ಮುಂದೆ ಸಂಶಯವೊಂದು ಉಳಿದಿದ್ದರೆ, ಅದನ್ನು ತಿದ್ದಲು ಅವನಿಗೀಗ ಆಧಾರ ದೊರೆಯಿತು. ಲೇಖನದ ಲಿಂಕಿಗೆ ದೊರೆಯುವುದು ಹೆಚ್ಚೆಂದರೆ ಧನ್ಯವಾದದ ಒಂದು ಸಾಲು.

ಆದರೂ ಈ ಅರ್ಧ ಪುಟಕ್ಕೂ ಮಿತಿಯುಂಟು. ಚರ್ಚೆ ಮುಗಿದ ಮೇಲೆ ತಲುಪಿದರೆ ಅದು ನಿಷ್ಫಲ. ಎಲ್ಲರಿಗೂ ಸಮಾನ ಅವಕಾಶವಿರಲೆಂದು ಸಂದರ್ಶನದ ಹೊರಗಿನ ಯಾವ ಸಾಮಗ್ರಿಯನ್ನೂ ಪರಿಗಣಿಸದ ಸಂಸ್ಥೆಗಳೂ ಇವೆ. ಆದುದರಿಂದ ಎದ್ದು ಬರುವ ಮುನ್ನವೇ, "ಈ ಪ್ರಶ್ನೆಗೆ ಇನ್ನಷ್ಟು ವಿವರವನ್ನು ಕಳುಹಿಸಬಹುದೇ, ನಿರ್ಣಯ ಯಾವಾಗ?" ಎಂದು ವಿಚಾರಿಸಿಕೊಳ್ಳುವುದು ಯುಕ್ತ. ಕಳುಹಿಸುವುದಾದರೆ ಒಂದು ಪುಟವನ್ನು ಮೀರದಿರಲಿ, ಪತ್ರದೊಳಗೇ ಓದುವಂತಿರಲಿ. ಡ್ರೈವ್‌ನ ಲಿಂಕನ್ನು ಒತ್ತಿದೊಡನೆ ಅನುಮತಿಯನ್ನು ಬೇಡುವ ಪುಟ ತೆರೆದುಕೊಂಡರೆ, ಆ ಅನುಮತಿಯನ್ನು ಕೇಳಲು ಯಾವ ಮ್ಯಾನೇಜರನೂ ಕಾದು ಕುಳಿತಿರುವುದಿಲ್ಲ.

ಹಳೆಯ ಕಂಪನಿಯಲ್ಲಿ ತಯಾರಿಸಿದ ವರದಿಯೇ ಕಳುಹಿಸಲು ಅತ್ಯುತ್ತಮ ಮಾದರಿಯೆಂಬ ಇನ್ನೊಂದು ನಂಬಿಕೆಯಂತೂ ಅಪಾಯಕಾರಿ: 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ನೌಕರಿಯ ಅಂಗವಾಗಿ ರಚಿಸಿದ ಕೃತಿಯ ಪ್ರಥಮ ಸ್ವಾಮ್ಯ ಸಾಮಾನ್ಯವಾಗಿ ಉದ್ಯೋಗದಾತನದು; ಮೇಲಾಗಿ, ಹಿಂದಿನವರ ಗುಟ್ಟನ್ನು ಇಂದು ನಮಗೆ ಕೊಟ್ಟವನು ನಾಳೆ ನಮ್ಮದನ್ನು ಯಾರಿಗೆ ಕೊಡುವನೋ ಎಂಬ ಶಂಕೆ ಓದುವವನಲ್ಲಿ ಹುಟ್ಟುತ್ತದೆ. ಸರ್ಕಾರಿ ಹಾಗೂ ಸಾರ್ವಜನಿಕ ಉದ್ದಿಮೆಗಳ ನೇಮಕಾತಿಯಲ್ಲಿ ಏನನ್ನೂ ಕಳುಹಿಸಲಾಗದು. ಪ್ರಭಾವ ಬೀರುವ ಯಾವ ಯತ್ನವೂ ಅನರ್ಹತೆಗೆ ಕಾರಣವೆಂದು ಅಲ್ಲಿನ ಪ್ರಕಟಣೆಗಳಲ್ಲೇ ಸಾಮಾನ್ಯವಾಗಿ ಅಚ್ಚಾಗಿರುತ್ತದೆ.

ಲೇಖನ ಕಳುಹಿಸಿದವನಿಗೆ ಕೆಲಸ ಸಿಕ್ಕಿತು, ಆದುದರಿಂದ ಲೇಖನವೇ ಕೆಲಸ ಕೊಡಿಸಿತು ಎಂಬ ಕಾಕತಾಳೀಯದ ಮೇಲೆ ನಿಂತಿರುವ ಉಪದೇಶವನ್ನು, ಕಳುಹಿಸಿಯೂ ಕೆಲಸ ಸಿಗದವರನ್ನು ಒಮ್ಮೆಯೂ ವಿಚಾರಿಸದೆ, ವಿದ್ಯಾವಂತರೇ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿರುವುದು ಖೇದಕರ. ಅಂಕಗಣಿತದಲ್ಲಿ ಪುರಾವೆ ಕೇಳುವ ಬುದ್ಧಿಯು ಜೀವನೋಪಾಯದ ವಿಷಯದಲ್ಲಿ ಏಕೆ ಮೌನ ವಹಿಸುತ್ತದೆಯೋ ತಿಳಿಯದು. ಸಂದರ್ಶನದಲ್ಲಿ ಉಳಿದುಹೋದ ಪ್ರಶ್ನೆ ನಿಮಗಿದ್ದು, ಅದಕ್ಕೆ ನಿಮ್ಮದೇ ಉತ್ತರವಿದ್ದರೆ ಅದನ್ನು ಬರೆದು ಕಳುಹಿಸಿ. ಇಲ್ಲವಾದರೆ ಎರಡು ಸಾಲಿನ ಕೃತಜ್ಞತೆಯೇ ಸಾಕು, ಅದಕ್ಕೆ ಯಾರ ಲೇಖನವನ್ನೂ ಲಗತ್ತಿಸಬೇಡಿ.